ಅತ್ತೆಯ ಬೆನ್ನಿನೊಳಗಿನ ಬಾಗಿಲು

ನಮ್ಮ ಮನೆಯ ದೇವರ ಗೂಡು ಗೋಡೆಯಲ್ಲಿ ತುಸು ಎತ್ತರಕ್ಕಿದೆ. ನಾನು ಮದುವೆಯಾಗಿ ಸಾಂಗಲಿಗೆ ಬಂದಾಗಿನಿಂದ ಅತ್ತೆ ಅದರೆದುರು ನಿಂತು, ಒಂದು ಕೈಯಿಂದ ಸೆರಗು ಹಿಡಿದು, ಇನ್ನೊಂದು ಕೈಯಿಂದ ಹೂವೇರಿಸುವುದನ್ನು ನೋಡಿದ್ದೇನೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರು ಹೂವು ಹಿಡಿದುಕೊಂಡು ಗೂಡಿನ ಕೆಳಗೆ ಸುಮ್ಮನೆ ನಿಂತಿದ್ದರು.

"ಏನಾತ್ರಿ ಅತ್ತಿ?"

"ಗೂಡು ಮ್ಯಾಲ ಹೋಗೈತಿ," ಅಂದರು.

ನಾನು ನಕ್ಕು ಒಂದು ಮಣೆ ತಂದಿಟ್ಟೆ. ಅವರು ಅದರ ಮೇಲೆ ಹತ್ತಿ ಹೂವೇರಿಸಿದರು. ಅದೇ ತಿಂಗಳುಗಳಲ್ಲಿ ಅವರ ಸೀರೆಯ ಅಂಚು ನೆಲ ಗುಡಿಸತೊಡಗಿತ್ತು. ಅದಕ್ಕೂ ನಾನು ನಕ್ಕೆ, ನಿರಿಗೆಯನ್ನು ಇನ್ನೊಂದು ಮಡಿಕೆ ಮೇಲೆ ಸಿಗಿಸಿದೆ. "ಮನಿ ಬೆಳ್ಯಾಕತ್ತೈತೋ ನಾ ಕರಗಾಕತ್ತೇನೋ," ಎಂದು ಅವರು ಗೋಡೆಯನ್ನು ನೋಡುತ್ತ ಅಂದದ್ದು ನೆನಪಿದೆ. ಆಗ ಅದು ಬರಿಯ ಮಾತಾಗಿತ್ತು. ಅವರ ಬೆನ್ನಿನ ಒಂದು ಎಲುಬು ಆಗಲೇ ಸದ್ದಿಲ್ಲದೆ ಕುಸಿದು ಕೂತಿತ್ತೆಂದು ನಮಗೆ ಯಾರೂ ಹೇಳಿರಲಿಲ್ಲ.

ಅತ್ತೆಗೆ ಎಂಟು ವರ್ಷದ ಹಿಂದೆ ಎದೆಯ ಕ್ಯಾನ್ಸರ್ ಆಗಿತ್ತು. ಮೀರಜಿನಲ್ಲಿ ಆಪರೇಶನ್ ಆಯಿತು, ರೇಡಿಯೇಶನ್ನಿನ ಶಾಖ ಕೊಟ್ಟರು, ಆಮೇಲೆ ಐದು ವರ್ಷ ದಿನಕ್ಕೊಂದು ಸಣ್ಣ ಹಳದಿ ಗುಳಿಗೆ. ಗುಳಿಗೆ ಮುಗಿದ ದಿನ ಬಸದಿಯಲ್ಲಿ ಅಭಿಷೇಕ ಮಾಡಿಸಿದೆವು. ಐದು ವರ್ಷ ಒಂದು ದಿನವೂ ತಪ್ಪದೆ ಆ ಗುಳಿಗೆ ಕೊಟ್ಟವಳು ನಾನು. ಅದೊಂದು ಭಾಗ್ಯ ಎಂದೇ ಎಣಿಸಿಕೊಂಡಿದ್ದೆ.

ಆ ಗುಳಿಗೆಯ ಜೊತೆ ವಾರಕ್ಕೊಂದು ಡಿ ವಿಟಮಿನ್ನಿನ ಮೆತ್ತನೆಯ ಕ್ಯಾಪ್ಸೂಲ್ ಕೂಡ ಬರೆದಿದ್ದರು. ಬಸದಿಯಲ್ಲಿ ಒಬ್ಬರು ಅದರ ಹೊದಿಕೆ ಪ್ರಾಣಿಗಳ ಚರ್ಮ, ಎಲುಬು ಕುದಿಸಿ ಮಾಡಿದ್ದು ಎಂದರು. ಅಂದೇ ಮನೆಗೆ ಬಂದು ಉಳಿದ ಕ್ಯಾಪ್ಸೂಲುಗಳನ್ನೆಲ್ಲ ಹಿತ್ತಲಲ್ಲಿ ದಾಸವಾಳದ ಬುಡಕ್ಕೆ ಹೂಳಿ, ಯಾವ ಜೀವವೋ ಏನೋ ಎಂದು ಣಮೋಕಾರ ಮಂತ್ರ ಹೇಳಿದೆ. ಡಾಕ್ಟರಿಗೆ ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ, ಹೇಳಿದರೆ ತಿಂದದ್ದಕ್ಕೆ ಪ್ರಾಯಶ್ಚಿತ್ತವಾಗಿ ಉಪವಾಸ ಹಿಡಿಯುತ್ತಿದ್ದರು.

ಹೋದ ವರ್ಷ ಚಾತುರ್ಮಾಸದ ಆರಂಭದಲ್ಲಿ, ಅಭಿಷೇಕಕ್ಕೆಂದು ನೀರು ತುಂಬಿದ ತಂಬಿಗೆಯನ್ನು ನೆಲದಿಂದ ಎತ್ತಲು ಅತ್ತೆ ಬಗ್ಗಿದರು. ಬರೀ ತಂಬಿಗೆ, ಕೊಡವೂ ಅಲ್ಲ. ಎತ್ತಿದರು, ನಿಂತರು, ತಂಬಿಗೆಯನ್ನು ಒಂದು ಹನಿ ಚೆಲ್ಲದಂತೆ ಮತ್ತೆ ಕೆಳಗಿಟ್ಟರು. ಆಮೇಲೆ ಗೋಡೆ ಹಿಡಿದುಕೊಂಡು, "ಯಾರ ಹಿಂದಿಂದ ಹೊಡದ್ರು?" ಎಂದು ಕೇಳಿದರು. ಅವರ ಹಿಂದೆ ಯಾರೂ ಇರಲಿಲ್ಲ.

ಅಂದಿನಿಂದ ಮಲಗಲು ಆಗದು, ಮಲಗಿದರೆ ಏಳಲು ಆಗದು. ಸಾಂಗಲಿಯಲ್ಲಿ ನಮ್ಮ ಡಾಕ್ಟರು ಕೂರಿಸಿಯೇ ಎಕ್ಸ್-ರೇ ತೆಗೆಸಿದರು, ಮಲಗಿಸಲು ಅವರು ಬಿಡಲಿಲ್ಲ. ಸೊಂಟದ ಮೇಲೆ ಎರಡು ಎಲುಬು ಕುಸಿದಿದ್ದವು. ಒಂದು ಹಳೆಯದು, ಒಂದು ಹೊಸದು. "ವಯಸ್ಸಿಗೆ ಆಗತೈತ್ರಿ. ಆದ್ರ ಮೊದಲಿನ ರೋಗ ಐತಲ್ಲ, ಬೋನ್ ಸ್ಕ್ಯಾನ್ ಮಾಡಸೂಣು," ಅಂದರು. ಮಾಡಿಸಿದೆವು. ಕುಸಿದ ಜಾಗದಲ್ಲಿ ಕಪ್ಪು ಕಲೆ ಎದ್ದು ಕಂಡಿತು.

ಆ ರಿಪೋರ್ಟನ್ನು ಓದಿದವರು ನಮ್ಮ ಕಾಕಾ. ನನ್ನ ಯಜಮಾನರ ಚಿಕ್ಕಪ್ಪ, ಅರಿಸಿನ ಪೇಟೆಯಲ್ಲಿ ವ್ಯಾಪಾರ, ಮನೆಯಲ್ಲಿ ಇಂಗ್ಲಿಷ್ ಕಾಗದ ಬಂದರೆ ಓದುವುದು ಅವರ ಹಕ್ಕು. ಹಳೆಯ ರೋಗ ಹರಡಿರಬಹುದು, ಹರಡಿಲ್ಲವೆಂದು ಹೇಳಲಾಗದು, ಎಂಆರ್‌ಐ ಮಾಡಿ ನೋಡಿ ಎಂದು ಅದರಲ್ಲಿ ಇತ್ತು. ಕಾಕಾ ಕನ್ನಡಕ ಏರಿಸಿ ಓದಿ, ಇಳಿಸಿ, "ಹರಡೈತಿ ಅಂತ ಬರದಾರ," ಅಂದರು. ಮುರಿದ ಎಲುಬು ಯಾವ ಕಾರಣಕ್ಕೆ ಮುರಿದಿದ್ದರೂ ಆ ಸ್ಕ್ಯಾನಿನಲ್ಲಿ ಹಾಗೆಯೇ ಕಾಣುತ್ತದೆಂದು ಆಮೇಲೆ ತಿಳಿಯಿತು. ಅಂದು ಕಾಕಾ ಹೇಳಿದ್ದೇ ಆಯಿತು. ಯಜಮಾನರು ಅಡಿಗೆಮನೆಗೆ ಬಂದು ನನ್ನ ಹತ್ತಿರ ನಿಂತು, "ಅವ್ವಗ ಹೇಳಬ್ಯಾಡ," ಅಂದರು. ನಾನು ಹೇಳಲಿಲ್ಲ. ಆದರೆ ಕಾಕಾ ನೆಂಟರಿರುವ ಬೇಡಗಕ್ಕೆ, ಕವಲಾಪುರಕ್ಕೆ, ಅತ್ತೆಯ ತವರು ಸಲಗರೆಗೆ ಫೋನು ಮಾಡಿದ್ದರು.

ಮೂರನೆಯ ದಿನದಿಂದ ಜನ ಬರತೊಡಗಿದರು.

ನಮ್ಮ ಜೈನರಲ್ಲಿ ಈ ಲೋಕದಿಂದ ಹೊರಟವರ ಹತ್ತಿರ ಕ್ಷಮೆ ಕೇಳುವುದು ರೂಢಿ. ಹೋಗುವವರೂ ಕೇಳುತ್ತಾರೆ, ಇರುವವರೂ ಕೇಳುತ್ತಾರೆ, ಮನಸ್ಸಿನಲ್ಲಿ ಗಂಟು ಉಳಿಯಬಾರದೆಂದು. ಬಂದವರೆಲ್ಲ ಚಪ್ಪಲಿ ಬಿಟ್ಟು, ಕಾಲು ತೊಳೆದು, ಗೋಡೆಗೆ ಆನಿಸಿ ಕೂತಿದ್ದ ಅತ್ತೆಯೆದುರು ನೆಲದ ಮೇಲೆ ಕೂತು ಕೈ ಜೋಡಿಸುತ್ತಿದ್ದರು. "ಮನಸ್ಸಿನಿಂದ, ಮಾತಿನಿಂದ, ಕೈಯಿಂದ ಏನರೆ ತಪ್ಪಾಗಿದ್ರ ಕ್ಷಮಾ ಮಾಡ್ರಿ." ಯಾರೂ ಅಳಲಿಲ್ಲ. ಯಾರೂ ಕಾಯಿಲೆಯ ಮಾತು ಎತ್ತಲಿಲ್ಲ. ಚಹಾ ಮುಟ್ಟಲಿಲ್ಲ. ಒಬ್ಬರು ಎದ್ದ ಜಾಗದಲ್ಲಿ ಇನ್ನೊಬ್ಬರು ಕೂತರು. ಮಧ್ಯಾಹ್ನದ ಬಿಸಿಲಿನಲ್ಲಿ ನಮ್ಮ ಪಡಸಾಲೆ ತಣ್ಣಗಾಗಿತ್ತು. ಅತ್ತೆ ಒಬ್ಬೊಬ್ಬರನ್ನೂ ನೋಡುತ್ತ, ಅವರು ಯಾಕೆ ಬಂದಿದ್ದಾರೆಂದು ಅವರ ಕೈಗಳಿಂದಲೇ ಓದಿಕೊಂಡರು.

ಸಲಗರೆಯಿಂದ ಅತ್ತೆಯ ತಂಗಿ ಬಂದಿದ್ದರು. ಎಲ್ಲರೂ ಮಾವಶಿ ಎನ್ನುತ್ತೇವೆ. ಅವರು ನನ್ನ ಕಿವಿಯಲ್ಲಿ, "ನಮ್ಮ ಅಕ್ಕಗ ಮಾವಿನ ಉಪ್ಪಿನಕಾಯಿ ಅಂದ್ರ ಭಾಳ ಸೇರ್ತಿತ್ತು," ಅಂದರು. ಅತ್ತೆ ಎರಡು ಮೊಳ ದೂರದಲ್ಲಿ ಉಸಿರಾಡುತ್ತ ಕೂತಿದ್ದರು.

ಎಲ್ಲರೂ ಹೋದ ಮೇಲೆ ಅತ್ತೆ ನನ್ನನ್ನು ಕರೆದರು. "ಎಷ್ಟು ದಿನಾ ಅಂತ ಬರದಾರ?"

ನಾನು ಯಾರೂ ಮುಟ್ಟದ ಚಹಾದ ಕಪ್ಪುಗಳನ್ನು ಒಂದೆಡೆ ಸೇರಿಸತೊಡಗಿದೆ.

"ಇರ್ಲಿ ಬಿಡು. ನಿನಗ ಸುಳ್ಳ ಹೇಳಾಕ ಬರೂದಿಲ್ಲ," ಅಂದರು. ಮರುದಿನದ ಅನ್ನಕ್ಕೆ ಉಪ್ಪು ಬೇಡವೆಂದರು. ಅದರ ಮರುದಿನ ತುಪ್ಪ ಬೇಡವೆಂದರು. ನನಗೆ ಗೊತ್ತಿತ್ತು, ಅವರು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ಉಪಾಯವೇ ಇಲ್ಲದ ರೋಗದಲ್ಲಿ, ಗುರುಗಳ ಅಪ್ಪಣೆಯಿಂದ, ಅನ್ನ ನೀರನ್ನು ಮೆಲ್ಲಗೆ ಬಿಡುತ್ತ ದೇಹ ಬಿಡುವ ಸಲ್ಲೇಖನ ನಮ್ಮಲ್ಲಿ ದೊಡ್ಡ ವ್ರತ. ಅವರ ಅತ್ತೆ ಹಾಗೇ ಹೋದವರು. ಆ ದಾರಿಯನ್ನು ನಾನು ಕೈ ಮುಗಿದು ಗೌರವಿಸುತ್ತೇನೆ. ಆದರೆ ಅದು ನಮ್ಮ ಪಡಸಾಲೆಯಲ್ಲಿ ಶುರುವಾದಾಗ ನನ್ನ ಕೈ ಉಪ್ಪಿನ ಭರಣಿಯ ಮೇಲೆಯೇ ನಿಂತುಬಿಡುತ್ತಿತ್ತು.

ಆ ದಿನಗಳಲ್ಲೇ ನಾನು ಆ ಸದ್ದು ಕೇಳಿದ್ದು.

ಅತ್ತೆ ಮೊದಲಿನಿಂದಲೂ ಹೇಳುತ್ತಿದ್ದರು. "ಮಲಗಿದ್ರ ನನ್ನ ಬೆನ್ನಾಗ ಬಾಗಲಾ ತೆರದಂಗ ಆಗತೈತಿ. ಎದ್ರ ಮುಚ್ಚತೈತಿ." ಮಾವಶಿ ಅದನ್ನು ಕೇಳಿ ಕಣ್ಣು ಮುಚ್ಚಿ, "ಜೀವಾ ದಾರಿ ನೋಡಾಕತ್ತೈತಿ," ಎಂದಿದ್ದರು. ನಾನು ಅದನ್ನು ಅತ್ತೆಯ ಸಂಕಟದ ಮಾತೆಂದು ಬಿಟ್ಟಿದ್ದೆ. ಒಂದು ಮಧ್ಯಾಹ್ನ ಅವರನ್ನು ಮಲಗಿಸುವಾಗ ನನ್ನ ಅಂಗೈ ಅವರ ಸೊಂಟದ ಮೇಲ್ಗಡೆ ಇತ್ತು. ತಲೆ ದಿಂಬಿಗೆ ತಾಗಿತು, ಬೆನ್ನು ನೇರವಾಯಿತು. ಟಕ್ ಎಂದಿತು. ಸ್ಟೀಲಿನ ಡಬ್ಬಿಯ ಮುಚ್ಚಳ ಬಿಚ್ಚಿದ ಹಾಗೆ, ಆದರೆ ಒಳಗಿನಿಂದ. ಕಿವಿಗಿಂತ ಅಂಗೈಗೆ ಹೆಚ್ಚು ಕೇಳಿಸಿತು. ನಾನು ಕೈ ತೆಗೆಯಲಿಲ್ಲ, ತೆಗೆಯಲು ಆಗಲಿಲ್ಲ.

"ಕೇಳಿಸ್ತೇನು?" ಅಂದರು ಅತ್ತೆ, ಛಾವಣಿ ನೋಡುತ್ತ.

"ಹೂಂನ್ರಿ, ಕೇಳಿಸ್ತು."

"ಹಂಗಾರ ನಾ ಹುಚ್ಚಿ ಅಲ್ಲ," ಎಂದು ಸಮಾಧಾನವಾಗಿ ಕಣ್ಣು ಮುಚ್ಚಿದರು. ನನಗೆ ಮಾತ್ರ ಅಂದಿನಿಂದ ಅವರನ್ನು ಮಲಗಿಸುವುದೆಂದರೆ ಹೆದರಿಕೆ. ಪ್ರತಿ ಸಲವೂ ಟಕ್. ಎಬ್ಬಿಸಿದಾಗ ಇನ್ನೊಮ್ಮೆ, ಸಣ್ಣಗೆ. ಯಾರೋ ಒಳಗಿದ್ದು ಬಾಗಿಲು ಹಾಕಿ ತೆಗೆದು ಮಾಡುತ್ತಿರುವ ಹಾಗೆ.

ಅತ್ತೆ ಹಟ ಹಿಡಿದು ಬಸದಿಗೆ ಕರೆದುಕೊಂಡು ಹೋಗು ಅಂದರು. ಚಾತುರ್ಮಾಸಕ್ಕೆ ಅಲ್ಲಿ ಒಬ್ಬ ಸನ್ಯಾಸಿನಿ ಮಾತಾಜಿ ತಂಗಿದ್ದರು, ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ಕಡಿಮೆ ಮಾತು. ಯಜಮಾನರೂ ನಾನೂ ಕುರ್ಚಿ ಸಮೇತ ಅತ್ತೆಯನ್ನು ಎತ್ತಿಕೊಂಡು ಹೋದೆವು. ಕಾಕಾ ರಿಪೋರ್ಟು ಹಿಡಿದು ಹಿಂದೆ ಬಂದರು.

ಅತ್ತೆ ಕೈ ಜೋಡಿಸಿ ವ್ರತ ಕೇಳಿದರು.

ಮಾತಾಜಿ ಕೇಳಿದರು, "ಉಪಾಯಾ ಇಲ್ಲ ಅಂತ ಯಾರ ಹೇಳ್ಯಾರ?"

"ರಿಪೋರ್ಟಿನಾಗ ಐತ್ರಿ," ಅಂದರು ಕಾಕಾ.

"ಕಾಗದಾ ಬ್ಯಾಡ. ಡಾಕ್ಟರ್ ಬಾಯಿಲೆ ಹೇಳ್ಯಾರೇನು, ಇದು ಅದೇ ರೋಗ, ಇದಕ್ಕ ಔಷಧಾ ಇಲ್ಲ ಅಂತ?"

ಕಾಕಾ ಕಾಗದ ಮಡಚಿದರು.

"ಔಷಧಾ ಇರೂ ಬ್ಯಾನಿಗೆ ಈ ವ್ರತಾ ಇಲ್ಲ," ಅಂದರು ಮಾತಾಜಿ. "ಏನ ಬ್ಯಾನಿ ಅಂತ ತಿಳಕೊಳ್ಳದ ದೇಹಾ ಬಿಡೂದು ತ್ಯಾಗ ಅಲ್ಲ. ಹೋಗಿ ಕೇಳಕೊಂಡ ಬರ್ರಿ. ಡಾಕ್ಟರ್ ಮಾತು ಬರೂತನಕ ನೀವು ಹಾಲು, ಮೊಸರು, ತುಪ್ಪ, ಉಪ್ಪು ಬಿಟ್ಟೀರಿ ಅಂದ್ರ ಬಿಡ್ರಿ, ಅದಕ್ಕ ನಿಯಮ ಕೊಡ್ತೇನಿ. ಮಾತು ಬಂದ ದಿನ ನಿಯಮ ಮುಗೀತು." ಆಮೇಲೆ ನನ್ನ ಕಡೆ ತಿರುಗಿದರು. "ನೀವು ಸೊಸಿ ಏನು? ನೀವು ಹೋಗ್ರಿ ಜೋಡಿ. ನೋಡಿದ್ದು ಎಲ್ಲಾ ಹೇಳ್ರಿ, ಏನೂ ಮುಚ್ಚಬ್ಯಾಡ್ರಿ."

ಮುಚ್ಚಬೇಡಿ ಎಂದದ್ದು ದಾಸವಾಳದ ಬುಡಕ್ಕೆ ಹೋಗಿ ತಾಗಿತು.

ಮೀರಜ್ ನಮಗೆ ಆಸ್ಪತ್ರೆಯ ಊರು. ಎಂಆರ್‌ಐ ಸೆಂಟರಿನಲ್ಲಿ ಸ್ಕ್ಯಾನ್ ನೋಡುವ ಡಾಕ್ಟರಮ್ಮ ನಮ್ಮ ಕಡೆಯ ಕನ್ನಡದವರು ಎನ್ನುವುದು ದೇವರು ಕೊಟ್ಟ ಸಣ್ಣ ಕರುಣೆ. ಅತ್ತೆಯನ್ನು ಆ ಕೊಳವೆಯೊಳಗೆ ತಳ್ಳಿದ ಐದೇ ನಿಮಿಷಕ್ಕೆ ಅವರು ಕೈಯಲ್ಲಿದ್ದ ಗಂಟೆ ಅದುಮಿದರು. ನೋವು ತಡೆಯಲಾಗದೆ ಹೊರಗೆ ತೆಗೆಯಬೇಕಾಯಿತು. ಸಿಕ್ಕಷ್ಟು ಚಿತ್ರ ನೋಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಎಲುಬು ಕಪ್ಪಗ ಕಾಣತೈತಿ. ಹೊಸಾ ಮುರಿತ ಇದ್ರೂ ಕಪ್ಪ, ರೋಗ ಇದ್ರೂ ಕಪ್ಪ. ಇಷ್ಟರ ಮ್ಯಾಲ ನಾ ಏನೂ ಹೇಳೂದಿಲ್ಲ."

ಆಗ ನಾನು ಹೇಳಿದೆ. ನಾಚಿಕೆಯಾಯಿತು, ಆದರೂ ಹೇಳಿದೆ. "ಮಲಗಸಿದಾಗ ಬೆನ್ನಾಗ ಸಪ್ಪಳ ಆಗತೈತ್ರಿ. ಬಾಗಲಾ ತೆರದಂಗ ಅಂತಾರ ಅತ್ತಿ. ನನ್ನ ಕೈಗೂ ಹತ್ತೈತಿ."

ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಕುರ್ಚಿಯನ್ನು ನನ್ನತ್ತ ತಿರುಗಿಸಿದರು.

"ಮಲಗಿದಾಗ? ಕುಂತಾಗ ಅಲ್ಲ?"

"ಮಲಗಿದಾಗ ತೆರೀತೈತಿ. ಎದ್ರ ಮುಚ್ಚತೈತಿ."

"ನಿಮ್ಮ ಹಳೀ ಎಕ್ಸ್-ರೇ ಕುಂದರಿಸಿ ತಗದದ್ದು," ಎಂದು ತಮಗೇ ಹೇಳಿಕೊಂಡರು. ನೋವಿಗೆ ಇಂಜೆಕ್ಷನ್ ಕೊಡಿಸಿದರು. ಅದು ಹತ್ತಿದ ಮೇಲೆ ಅತ್ತೆಯನ್ನು ಅಂಗಾತ ಮಲಗಿಸಿ, ಮುರಿದ ಜಾಗದ ಕೆಳಗೆ ಸುತ್ತಿದ ಚಾದರ ಇಟ್ಟು, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಪಕ್ಕದಿಂದ ಎಕ್ಸ್-ರೇ ತೆಗೆಸಿದರು. ಚಾದರ ಇಡುವಾಗಲೇ ಟಕ್ ಎಂದಿತು. ಎಕ್ಸ್-ರೇ ತೆಗೆಯುವಾತನೂ ಕೇಳಿಸಿಕೊಂಡು ನನ್ನ ಮುಖ ನೋಡಿದ.

ಎರಡು ಚಿತ್ರಗಳನ್ನು ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟರು. ಕೂತ ಚಿತ್ರದಲ್ಲಿ ಆ ಎಲುಬು ಮೇಲಿಂದ ಒತ್ತಿದ ಪೇಡೆಯಂತೆ ಚಪ್ಪಟೆ, ಬೇರೇನಿಲ್ಲ. ಮಲಗಿದ ಚಿತ್ರದಲ್ಲಿ ಅದೇ ಎಲುಬಿನ ನಡುವೆ ಅಡ್ಡಕ್ಕೆ ಒಂದು ಕಪ್ಪು ಸಂದು, ಅರೆತೆರೆದ ಕಣ್ಣಿನ ಹಾಗೆ.

ಅತ್ತೆ ಎರಡು ತಿಂಗಳಿಂದ ಹೇಳುತ್ತಿದ್ದ ಬಾಗಿಲು ಅದು. ನಿಜವಾಗಿಯೂ ಇತ್ತು. ನಿಜವಾಗಿಯೂ ತೆರೆಯುತ್ತಿತ್ತು.

"ಏನರಿ ಅದು?"

"ಗಾಳಿ," ಅಂದರು ಡಾಕ್ಟರಮ್ಮ. "ಸವದ ಎಲುಬು ಕುಸದು, ಒಳಗ ರಕ್ತ ಹರೀಲಾರದ ಒಣಗಿ, ಕೂಡಕೊಂಡಿಲ್ಲ. ಮಲಗಿದ್ರ ಸಂದು ಬಿಚ್ಚತೈತಿ, ಗಾಳಿ ತುಂಬತೈತಿ. ಭಾಳ ಹೊತ್ತು ಮಲಗಿದ್ರ ಅಲ್ಲಿ ನೀರು ತುಂಬತೈತಿ. ಎದ್ದು ಕುಂತ್ರ ಭಾರ ಬಿದ್ದು ಮುಚ್ಚತೈತಿ. ಕ್ಯಾನ್ಸರ್ ಎಲುಬು ಮಾಂಸದಂಗ ಗಟ್ಟಿ ತುಂಬಕೊಂಡಿರತೈತಿ, ಅದರಾಗ ಇಂಥಾ ಖಾಲಿ ಜಾಗಾ ಸಿಗೂದು ಭಾಳ ಅಪರೂಪ." ನನ್ನ ಮುಖದಲ್ಲಿ ಏನೋ ಬಂದಿರಬೇಕು, ತಕ್ಷಣ ಬೆರಳೆತ್ತಿದರು. "ಅಪರೂಪ ಅಂದೇನಿ. ಇಲ್ಲ ಅಂದಿಲ್ಲ. ಎಂಆರ್‌ಐ ಪೂರಾ ಮಾಡೂಣು."

ಮಾಡಿದರು. ಈ ಸಲ ಅತ್ತೆ ಗಂಟೆ ಅದುಮಲಿಲ್ಲ. ಅಷ್ಟು ಹೊತ್ತು ಮಲಗಿದ್ದರಿಂದ ಸಂದಿನಲ್ಲಿ ಡಾಕ್ಟರಮ್ಮ ಹೇಳಿದಂತೆಯೇ ನೀರು ತುಂಬಿ, ಚಿತ್ರದಲ್ಲಿ ಬಿಳಿ ಗೆರೆಯಾಗಿ ಹೊಳೆಯಿತು. ಡಾಕ್ಟರಮ್ಮ ಪೆನ್ನಿನ ತುದಿಯಿಂದ ಒಂದೊಂದನ್ನೇ ತೋರಿಸಿದರು. ಎಲುಬು ಪೂರ್ತಿ ಕಪ್ಪಾಗಿಲ್ಲ, ಕೆಳಗೆ ಒಳ್ಳೆಯ ಮಜ್ಜೆಯ ಒಂದು ಪಟ್ಟಿ ಉಳಿದಿದೆ, ರೋಗವಿದ್ದರೆ ಸಾಮಾನ್ಯವಾಗಿ ಏನೂ ಉಳಿಸದು. ಹಿಂದಿನ ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿಲ್ಲ, ಮೇಲಿನ ಒಂದು ಮೂಲೆ ಮಾತ್ರ ಹಿಂದಕ್ಕೆ ಮಡಚಿದೆ, ಇದು ಮುರಿತದ ಗುರುತು. ಆ ಎಲುಬಿನಿಂದ ಹಿಂದಕ್ಕೆ ಚಾಚಿದ, ಕಾಲಿನಂಥ ಎರಡು ತುಂಡುಗಳು ನೆಟ್ಟಗಿವೆ, ರೋಗ ಅವನ್ನೂ ತಿನ್ನುತ್ತದೆ. ಸುತ್ತ ಗಡ್ಡೆಯಿಲ್ಲ. ಕೆಳಗಿನ ಹಳೆಯ ಕುಸಿದ ಎಲುಬಿನ ಮಜ್ಜೆ ನೆರೆಯ ಎಲುಬುಗಳ ಬಣ್ಣಕ್ಕೇ ಮರಳಿದೆ, ಅದು ಎಂದೋ ವಾಸಿಯಾಗಿದೆ. ದೇವರ ಗೂಡು ಮೇಲೆ ಹೋದದ್ದು ಅದು ಕುಸಿದಾಗಲೇ ಇರಬೇಕು.

"ನನ್ನ ಕಣ್ಣಿಗೆ ಇದು ಸವದ ಎಲುಬು. ಆದ್ರ ಚಿತ್ರ ಚಿತ್ರಾನ. ಹಳೇ ರೋಗ ಇದ್ದವ್ರಿಗೆ ಒಂದು ತುಣುಕು ತಗದು ನೋಡೂದು ಚಲೋ," ಅಂದರು.

ಅಲ್ಲೇ ನಾನು ಕ್ಯಾಪ್ಸೂಲಿನ ಸಂಗತಿಯನ್ನೂ ಹೇಳಿಬಿಟ್ಟೆ. ಅತ್ತೆ ಗಾಲಿಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಡಾಕ್ಟರಮ್ಮ, "ಅದೊಂದ ಕಾರಣ ಅಲ್ಲ ಬಿಡ್ರಿ. ಐದು ವರ್ಷದ ಆ ಗುಳಗೀನೂ ಎಲುಬು ಸವಸತೈತಿ, ವಯಸ್ಸೂ ಸವಸತೈತಿ. ಡಿ ವಿಟಮಿನ್ ಪುಡೀನೂ ಸಿಗತೈತಿ, ಕೇಳಿದ್ರ ಬರದು ಕೊಡ್ತಿದ್ರು," ಅಂದರು. ಕ್ಯಾನ್ಸರನ್ನು ದೂರ ಇಟ್ಟ ಗುಳಿಗೆಯೇ ಎಲುಬನ್ನೂ ಕರಗಿಸಿತು. ಅದನ್ನು ಎಣಿಸಿ ಎಣಿಸಿ ಕೊಟ್ಟ ಕೈ ನನ್ನದು. ಯಾವುದನ್ನು ಭಾಗ್ಯವೆಂದು ಬರೆದುಕೊಳ್ಳಬೇಕೋ ತಿಳಿಯಲಿಲ್ಲ.

ಅತ್ತೆ ಹೊರಗೆ ಬಂದ ಮೇಲೆ ಅಂದದ್ದು ಒಂದೇ ಮಾತು. "ದಾಸಾಳ ಅದಕ್ಕ ಅಷ್ಟ ಹೂ ಬಿಟ್ಟಿತ್ತು."

ಬೆನ್ನುಮೂಳೆಯ ಡಾಕ್ಟರು ಅದೇ ರಸ್ತೆಯ ಇನ್ನೊಂದು ಆಸ್ಪತ್ರೆಯಲ್ಲಿದ್ದರು, ಮರಾಠಿ ಮಾತಾಡುವವರು, ಅವಸರವಿಲ್ಲದವರು. ಸೂಜಿಯಿಂದ ಎಲುಬಿನ ತುಣುಕು ತೆಗೆಯಬೇಕು ಎಂದರು. ಅದೇ ಸೂಜಿಯಿಂದ ಆ ಸಂದಿಗೆ ಎಲುಬಿನ ಸಿಮೆಂಟನ್ನೂ ತುಂಬಬಹುದು, ರೋಗವೇ ಇದ್ದರೂ ನೋವಿಗೆ ಅದು ನಡೆಯುತ್ತದೆ. ತುಂಬಲೇಬೇಕೇ ಎಂದು ಯಜಮಾನರು ಕೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟು ನಿಜ ಹೇಳಿದರು. ಅದಕ್ಕೆ ನಾನು ಇಂದಿಗೂ ಅವರಿಗೆ ಕೈ ಮುಗಿಯುತ್ತೇನೆ.

ಇದು ಜಗಳ ಮುಗಿಯದ ವಿಷಯ ಎಂದರು. ಹೊರದೇಶಗಳಲ್ಲಿ ಪರೀಕ್ಷೆ ಮಾಡಿದ್ದಾರೆ. ಎಲುಬು ಮುರಿದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಿಮೆಂಟು ತುಂಬಿದರು. ಇನ್ನೊಂದು ಗುಂಪಿಗೆ ಜಾಗ ಮರಗಟ್ಟಿಸಿ, ಸೂಜಿ ಚುಚ್ಚಿದ ಹಾಗೆ ಮಾಡಿ, ಬೆನ್ನು ಒತ್ತಿ, ಸಿಮೆಂಟಿನ ಡಬ್ಬಿಯ ಮುಚ್ಚಳ ತೆಗೆದು ಕೋಣೆಯಲ್ಲಿ ವಾಸನೆ ಹರಡಿಸಿ, ಏನೂ ತುಂಬದೆ ಕಳಿಸಿದರು. ತಮಗೆ ಏನು ಮಾಡಿದ್ದಾರೆಂದು ರೋಗಿಗಳಿಗೆ ಗೊತ್ತಿಲ್ಲ. ಎರಡೂ ಗುಂಪಿನವರಿಗೆ ನೋವು ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು.

ಬೆನ್ನು ಮೇಲಾಗಿ ಮಲಗಿ, ಆ ವಾಸನೆ ಕುಡಿದು, ಏನೂ ಇಲ್ಲದ ಎಲುಬಿನೊಂದಿಗೆ ಎದ್ದು ಮನೆಗೆ ನಡೆದ ಆ ಜನ ನನ್ನ ಕಣ್ಣೆದುರು ಸಾಲಾಗಿ ಹೋದರು.

ಅತ್ತೆ ಮರಾಠಿಯಲ್ಲಿ ಕೇಳಿದರು, "ಬರೀ ವಾಸನೆ ತೊಗೊಂಡವರೂ ಎದ್ದರೇನು?"

"ಎದ್ದರು, ಆಜಿ."

"ಹಾಗಿದ್ದರೆ ನನಗೂ ವಾಸನೆಯನ್ನೇ ಕೊಡಿ. ಅದರಲ್ಲಿ ಉಪ್ಪು, ತುಪ್ಪ ಇರುವುದಿಲ್ಲ."

ಡಾಕ್ಟರು ನಕ್ಕರು. ಎಷ್ಟೋ ದಿನದ ಮೇಲೆ ನನ್ನ ಯಜಮಾನರೂ ನಕ್ಕರು. ಆಮೇಲೆ ಡಾಕ್ಟರು ಉಳಿದದ್ದನ್ನೂ ಹೇಳಿದರು. ಇನ್ನೊಂದು ಪರೀಕ್ಷೆಯಲ್ಲಿ ಮುರಿತ ಹೊಸದಿದ್ದು ನೋವು ಬಹಳ ಇದ್ದವರಿಗೆ ಬೇಗ ತುಂಬಿದಾಗ ಸಿಮೆಂಟೇ ಮೇಲಾಯಿತು. ಮತ್ತೊಂದರಲ್ಲಿ ಹಾಗಾಗಲಿಲ್ಲ. ಹೆಚ್ಚಿನವರ ಎಲುಬು ಸೊಂಟದ ಪಟ್ಟಿ, ಔಷಧ, ಸಮಯದಿಂದ ತಾನೇ ಕೂಡುತ್ತದೆ, ಅವರಿಗೆ ಸಿಮೆಂಟು ಬೇಡವೆನ್ನುತ್ತೇನೆ ಎಂದರು. ಅತ್ತೆಯದು ಎರಡು ತಿಂಗಳಾದರೂ ಕೂಡದೆ ಒಳಗೆ ತೆರೆದು ಮುಚ್ಚುತ್ತಿರುವ ಸಂದು. ಇಂಥದಕ್ಕೆಂದೇ ಆ ರೀತಿಯ ದೊಡ್ಡ ಪರೀಕ್ಷೆ ಆಗಿಲ್ಲ, ತುಂಬಿದರೆ ಅಲುಗಾಟ ನಿಲ್ಲುತ್ತದೆಂಬುದು ತಮ್ಮ ಅನುಭವ ಅಷ್ಟೆ. ಸಿಮೆಂಟು ಸೋರಿ ನರಕ್ಕೋ ಶ್ವಾಸಕೋಶಕ್ಕೋ ಹೋಗುವ ಅಪಾಯ ಸಣ್ಣದು, ಆದರೆ ಇದೆ. ಏನೇ ಮಾಡಿದರೂ ಎಲುಬಿನ ಔಷಧ ತಪ್ಪದು, ವರ್ಷಕ್ಕೊಮ್ಮೆ ಸಲಾಯಿನ್ನಿನಲ್ಲಿ ಇಂಜೆಕ್ಷನ್, ಕ್ಯಾಲ್ಸಿಯಂ ಗುಳಿಗೆ, ಡಿ ಪುಡಿ. ಮತ್ತು ಹಾಲು.

ಅತ್ತೆ ಯೋಚಿಸಿ ಕೇಳಿದರು, "ಸಿಮೆಂಟಿನಲ್ಲಿ ಜೀವದ್ದು ಏನಾದರೂ ಇದೆಯೇ?"

"ಇಲ್ಲ. ಬರೀ ರಸಾಯನ."

"ಹಾಗಾದರೆ ಆ ಬಾಗಿಲು ಮುಚ್ಚಿ. ತುಣುಕು ನೋಡಿ ನೀವು ಏನು ಹೇಳುತ್ತೀರೋ ಅದನ್ನು ಕೇಳಿಕೊಂಡು ಮಾತಾಜಿಯ ಹತ್ತಿರ ಹೋಗುತ್ತೇನೆ."

ಮೂರು ದಿನದ ಮೇಲೆ ಒಂದು ಬೆಳಿಗ್ಗೆ ಸಿಮೆಂಟು ತುಂಬುವುದು ಆಯಿತು. ಎಚ್ಚರವಿದ್ದಂತೆಯೇ ಜಾಗ ಮರಗಟ್ಟಿಸಿ ಮಾಡಿದರು. ಹೊರಗಿನ ಬೆಂಚಿನಲ್ಲಿ ನಾನು ಣಮೋಕಾರ ಎಣಿಸುತ್ತಿದ್ದಾಗ ಬಾಗಿಲು ತುಸು ತೆರೆದು, ಉಗುರಿನ ಬಣ್ಣದಂಥ ಖಾರವಾದ ವಾಸನೆ ಬಂದು ಮೂಗಿಗೆ ಬಡಿಯಿತು. ಒಳಗೆ ತುಂಬುತ್ತಿದ್ದಾರೋ ಬರೀ ವಾಸನೆಯೋ ಎಂದು ಒಂದು ಕ್ಷಣ ನನಗೇ ಅನುಮಾನ ಬಂತು. ಎಣಿಕೆ ತಪ್ಪಿತು, ಮೊದಲಿಂದ ಹಿಡಿದೆ.

ಸಂಜೆಗೆ ಅತ್ತೆಯನ್ನು ಕೂರಿಸಿದರು, ಮರುದಿನ ನಡೆಸಿದರು. ನೋವು ಅರ್ಧ ಇಳಿದಿತ್ತು. ಆದರೆ ಎಲುಬಿನ ತುಣುಕಿನ ಮಾತು ಬರಲು ಒಂದು ವಾರ ಬೇಕಿತ್ತು. ಆ ವಾರ ಮನೆ ಅತಿ ವಿಚಿತ್ರವಾಗಿತ್ತು. ಅಂಗಾತ ಮಲಗಲು ಹೆದರಿ ಅತ್ತೆ ರಾತ್ರಿ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಅತ್ತೆ ಗೋಡೆ ಹಿಡಿದು ದೇವರ ಗೂಡಿನ ತನಕ ನಡೆಯುತ್ತಿದ್ದರು, ಆದರೆ ತಟ್ಟೆಯಲ್ಲಿ ಉಪ್ಪಿಲ್ಲದ ಅನ್ನ ಮತ್ತು ನೀರುಬೇಳೆ ಮಾತ್ರ, ಅದೂ ದಿನಕ್ಕೊಂದು ಹೊತ್ತು, ಒಂದೊಂದು ತುತ್ತು ಕಡಿಮೆ. ಮಾತಾಜಿ ಕೊಟ್ಟ ನಿಯಮಕ್ಕಿಂತ ಅವರು ಮುಂದೆ ಹೋಗಿದ್ದರು. ನಾನು ಅಂದೆ, "ಊಟಾ ಬಿಡ್ರಿ ಅಂತ ಮಾತಾಜಿ ಹೇಳಿಲ್ಲರಿ."

"ಬಿಟ್ಟಿಲ್ಲ. ಹಸಿವಿಲ್ಲ," ಅಂದರು. ಅವರಿಗೂ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಆ ವಾರದಲ್ಲೇ ಅವರು ಕಪಾಟಿನ ಹಿಂದೆ ಅಡ್ಡಲಾಗಿ ಇಟ್ಟಿದ್ದ ಒಂದು ಪೊಟ್ಟಣ ಕಂಡರು. ಕಾಕಾ ತಂದಿಟ್ಟದ್ದು. ಅತ್ತೆಯ ಆಧಾರ್ ಕಾರ್ಡಿನ ಫೋಟೋವನ್ನು ದೊಡ್ಡದು ಮಾಡಿಸಿ, ಚಂದನದ ಬಣ್ಣದ ಚೌಕಟ್ಟು ಹಾಕಿಸಿದ್ದರು, ಹಾರ ಹಾಕಲು ಮೊಳೆಯೂ ಇತ್ತು. ನಾನು ಒಳಗೆ ಹೋದಾಗ ಅತ್ತೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಮುಖಕ್ಕೆ ಮುಖ ಕೂತಿದ್ದರು. ಕನ್ನಡಿ ನೋಡುವವರ ಹಾಗಲ್ಲ, ಮನೆಗೆ ಬಂದವರನ್ನು ನೋಡುವ ಹಾಗೆ.

"ಈಕಿ ನನ್ನಕಿಂತ ಎತ್ತರ ಅದಾಳ," ಅಂದರು.

ಏಳನೆಯ ದಿನ ಇಳಿಹೊತ್ತಿನಲ್ಲಿ ಮೀರಜಿನಿಂದ ಫೋನು ಬಂತು. ಯಜಮಾನರು ಕಿವಿಗೆ ಹಿಡಿದು ಹೂಂ ಹೂಂ ಎಂದರು. ಅವರ ಮುಖದಿಂದ ಏನೂ ತಿಳಿಯಲಿಲ್ಲ. ಅತ್ತೆ ಗೋಡೆಗೆ ಆನಿಸಿ ಕೂತು ಅವರನ್ನೇ ನೋಡುತ್ತಿದ್ದರು, ಎರಡೂ ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು. ಯಾವ ಮಾತು ಬಂದರೂ ತೆಗೆದುಕೊಳ್ಳಲು ತಯಾರಾಗಿದ್ದ ಕೈಗಳು.

ಫೋನಿಟ್ಟು ಯಜಮಾನರು ಅವರೆದುರು ಕುಕ್ಕರುಗಾಲಿನಲ್ಲಿ ಕೂತರು. "ಅವ್ವಾ, ಕ್ಯಾನ್ಸರ್ ಇಲ್ಲ. ಸತ್ತ ಎಲುಬಿನ ಚೂರು ಅಷ್ಟ ಐತಿ. ಡಾಕ್ಟರ್ ಬಾಯಿಲೆ ಹೇಳ್ಯಾರ. ಔಷಧಾ ಐತಿ ಅಂದಾರ."

ಅತ್ತೆಗೆ ಸಂತೋಷವಾಯಿತೆಂದು ನಾನು ಬರೆಯಲಾರೆ. ಊರಿಗೆ ಹೊರಟು ಬಸ್ಸಿನ ಬಾಗಿಲಲ್ಲಿ ಕಾಲಿಟ್ಟವರನ್ನು ಹಿಂದಕ್ಕೆ ಕರೆದಂತಿತ್ತು ಅವರ ಮುಖ. ಆಮೇಲೆ ಗಡಿಯಾರ ನೋಡಿದರು. "ಹೊತ್ತು ಮುಳಗಾಕ ಎಷ್ಟೈತಿ?"

"ಹದಿನೈದು ಮಿನಿಟ್," ಅಂದೆ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಏನೂ ಉಣ್ಣುವುದಿಲ್ಲ.

"ಮಾತು ಬಂದ ದಿನ ನಿಯಮ ಮುಗೀತು ಅಂದಾರ ಮಾತಾಜಿ. ಇವತ್ತ ಅಂದಾರ, ನಾಳಿಗೆ ಅಂದಿಲ್ಲ."

ನಾನು ಅಡಿಗೆಮನೆಗೆ ಓಡಿದೆ. ಹಾಲು ಕಾಯಿಸಿ, ಲೋಟದಿಂದ ಲೋಟಕ್ಕೆ ಎತ್ತೆತ್ತಿ ಹೊಯ್ದು ಆರಿಸಿದೆ, ಅವಸರಕ್ಕೆ ನೆಲಕ್ಕೂ ಚೆಲ್ಲಿತು. ಕಿಟಕಿಯ ಬಿಸಿಲು ದೇವರ ಗೂಡಿನ ಹತ್ತಿರಕ್ಕೆ ಏರಿತ್ತು. ಅತ್ತೆ ಲೋಟ ಹಿಡಿದು, ಒಳಗೆ ನೋಡಿ, ಕಣ್ಣು ಮುಚ್ಚಿ ಏನೋ ಹೇಳಿಕೊಂಡು, ನಿಲ್ಲಿಸದೆ ಕುಡಿದರು. ಬಿಸಿಲು ಗೋಡೆಯಿಂದ ಹೋಗುವ ಮೊದಲು ಲೋಟ ಖಾಲಿಯಾಗಿತ್ತು.

"ಒಂದ ಫಜೀತಿ ಐತಿ," ಅಂದರು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ. "ಎಲ್ಲಾರಿಗೂ ಕ್ಷಮಾ ಮಾಡಿಬಿಟ್ಟೇನಿ. ಇನ್ನ ಅವ್ರ ಜೋಡಿ ಬಾಳೇ ಮಾಡಬೇಕು. ಕಾಕಾಗ ಹೇಳು, ಫೋಟೋ ಚಲೋ ಬಂದೈತಿ, ಇಟ್ಟಿರ್ತೇನಿ ಅಂತ."

ಕತ್ತಲಾಗುವ ಮೊದಲೇ, ಸಿಮೆಂಟು ತುಂಬಿದ ಮೇಲೆ ಮನೆಯಲ್ಲಿ ಮೊದಲ ಸಲ, ಅವರನ್ನು ಅಂಗಾತ ಮಲಗಿಸಲು ಹೋದೆ. ಒಂದು ಕೈ ತಲೆಯ ಕೆಳಗೆ, ಇನ್ನೊಂದು ಕೈ ಸೊಂಟದ ಮೇಲ್ಗಡೆ, ಹಳೆಯ ಜಾಗದಲ್ಲೇ. ತಲೆ ದಿಂಬಿಗೆ ತಾಗಿತು. ಬೆನ್ನು ನೇರವಾಯಿತು. ನಾನು ಉಸಿರು ಹಿಡಿದು ಕಾದೆ. ಅತ್ತೆಯೂ ಕಾಯುತ್ತಿದ್ದರು, ಅವರ ಕಣ್ಣು ನನ್ನ ಮೇಲಿತ್ತು.

ಏನೂ ಕೇಳಿಸಲಿಲ್ಲ. ನನ್ನ ಅಂಗೈಯ ಕೆಳಗೆ ಅವರ ಬೆನ್ನು ಉಸಿರಿಗೆ ತಕ್ಕಂತೆ ಬೆಚ್ಚಗೆ ಏರಿ ಇಳಿಯಿತು.